ಕಾಕಾ ಹುಟ್ಟಿದ ಸೋಮವಾರ: ತಾರೀಕಿನಿಂದ ವಾರ ಕಂಡುಹಿಡಿಯುವ ಲೆಕ್ಕ

ನಮ್ಮ ಧಾರವಾಡ ಜಿಲ್ಲೆಯಲ್ಲಿ ಹಳೆಯ ಕಾಲದವರ ಶಾಲೆ ದಾಖಲೆ ತೆಗೆದು ನೋಡಿ. ಬಹಳ ಮಂದಿಯ ಹುಟ್ಟಿದ ತಾರೀಕು ಜೂನ್ 1 ಅಂತ ಇರುತ್ತದೆ. ಶಾಲೆ ಸುರುವಾಗುವುದು ಜೂನ್‌ನಲ್ಲಿ. ಮಗುವನ್ನು ಕರೆದುಕೊಂಡು ಹೋದವರಿಗೆ ತಾರೀಕು ಗೊತ್ತಿರಲಿಲ್ಲ, ಮಾಸ್ತರರು ಒಂದು ತಾರೀಕು ಬರೆದುಕೊಂಡರು, ಅಷ್ಟೇ. ನಮ್ಮ ಕಾಕಾ ಅವರ ದಾಖಲೆಯಲ್ಲೂ ಹಾಗೇ ಇದೆ: 1-6-1956.

ಆದರೆ ಮನೆಯವರಿಗೆ ವಾರ ಮಾತ್ರ ಚೆನ್ನಾಗಿ ನೆನಪಿರುತ್ತದೆ. ಸಂತೆ ದಿನ, ದೇವರ ವಾರ, ಎತ್ತು ಹೂಡದ ಸೋಮವಾರ, ಇವೆಲ್ಲ ತಾರೀಕಿಗಿಂತ ಗಟ್ಟಿಯಾಗಿ ತಲೆಯಲ್ಲಿ ಉಳಿಯುತ್ತವೆ. ನಮ್ಮ ಅಜ್ಜಿ ಇರುವ ತನಕ ಒಂದೇ ಮಾತು ಹೇಳುತ್ತಿದ್ದಳು: "ರಾಜ್ಯ ಕೂಡಿತಲ್ಲ, ಅದರ ಮುಂದಿನ ಸ್ವಾಮಾರ ಹುಟ್ಟ್ಯಾನ ಇಂವಾ." ಈ ಒಂದು ಮಾತಿನಿಂದ ತಾರೀಕು ತೆಗೆಯಬಹುದೇ? ತೆಗೆಯಬಹುದು. ಏಳರ ಮಗ್ಗಿ ಬಂದರೆ ಸಾಕು. ಹಳೆಯ ಕ್ಯಾಲೆಂಡರ್ ಹುಡುಕಬೇಕಿಲ್ಲ, ಮೊಬೈಲ್ ಕೂಡ ಬೇಕಿಲ್ಲ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಶೇಷ ಅಂದರೆ ವಾರ ಎಷ್ಟು ದಿನ ಮುಂದೆ ಸರಿಯಿತು ಅನ್ನುವುದು

ಇವತ್ತು ಮಂಗಳವಾರ ಅಂತ ಇಟ್ಟುಕೊಳ್ಳಿ. ಇನ್ನು 7 ದಿನಕ್ಕೆ ಮತ್ತೆ ಮಂಗಳವಾರ. 70 ದಿನಕ್ಕೂ ಮಂಗಳವಾರ, 700 ದಿನಕ್ಕೂ ಮಂಗಳವಾರವೇ. ಹಾಗಾದರೆ 100 ದಿನಕ್ಕೆ? 14 ಏಳಲೆ 98. ಉಳಿದದ್ದು 2. ಮಂಗಳವಾರದಿಂದ ಎರಡು ದಿನ ಮುಂದೆ, ಗುರುವಾರ. 98 ದಿನಗಳನ್ನು ನಾವು ಸುಮ್ನೆ ಬಿಟ್ಟುಬಿಟ್ಟೆವು. ವಾರದ ಲೆಕ್ಕಕ್ಕೆ ಅವು ಇದ್ದೂ ಇಲ್ಲದ ಹಾಗೆ. ಶೇಷವೊಂದೇ ಬೇಕಾದದ್ದು.

ಅದಕ್ಕೆ ಮೊದಲು ವಾರಗಳಿಗೆ ಅಂಕಿ ಕೊಡೋಣ. ರವಿವಾರ 0, ಸೋಮವಾರ 1, ಮಂಗಳವಾರ 2, ಬುಧವಾರ 3, ಗುರುವಾರ 4, ಶುಕ್ರವಾರ 5, ಶನಿವಾರ 6. ರವಿವಾರ 7 ಅಲ್ಲ, 0. ಏಳರಿಂದ ಭಾಗಿಸಿದಾಗ ಶೇಷವಾಗಿ 7 ಎಂದೂ ಬರುವುದಿಲ್ಲ, ಅಲ್ವಾ?

ತಿಂಗಳ ಅಂಕಿ

ಜನವರಿಗೆ 31 ದಿನ. ಏಳರಿಂದ ಭಾಗಿಸಿದರೆ ಶೇಷ 3. ಅಂದರೆ ಜನವರಿ 1 ಯಾವ ವಾರವೋ ಅದರಿಂದ ಮೂರು ದಿನ ಮುಂದಿನ ವಾರಕ್ಕೆ ಫೆಬ್ರವರಿ 1 ಬೀಳುತ್ತದೆ. ಹಾಗಾಗಿ ಜನವರಿಗೆ 0 ಇಟ್ಟರೆ ಫೆಬ್ರವರಿಗೆ 3. ಫೆಬ್ರವರಿಗೆ 28 ದಿನ, ಶೇಷ 0. ಮಾರ್ಚ್‌ಗೂ 3 ಹಾಗೇ ಉಳಿಯುತ್ತದೆ. ಮಾರ್ಚ್‌ನ 31 ದಿನಕ್ಕೆ ಇನ್ನೊಂದು 3 ಸೇರಿ ಏಪ್ರಿಲ್‌ಗೆ 6. ಏಪ್ರಿಲ್‌ನ 30 ದಿನಕ್ಕೆ 2 ಸೇರಿ 8, ಅದರಲ್ಲಿ 7 ತೆಗೆದರೆ 1. ಅದು ಮೇ ತಿಂಗಳದ್ದು. ಹೀಗೇ ಮುಂದುವರಿಸಿದರೆ ಹನ್ನೆರಡು ಅಂಕಿ ಬರುತ್ತವೆ.

ಜನವರಿ 0, ಫೆಬ್ರವರಿ 3, ಮಾರ್ಚ್ 3
ಏಪ್ರಿಲ್ 6, ಮೇ 1, ಜೂನ್ 4
ಜುಲೈ 6, ಆಗಸ್ಟ್ 2, ಸೆಪ್ಟೆಂಬರ್ 5
ಅಕ್ಟೋಬರ್ 0, ನವೆಂಬರ್ 3, ಡಿಸೆಂಬರ್ 5

ನಾನು ಇದನ್ನು ಫೋನ್ ನಂಬರಿನ ಹಾಗೆ ನೆನಪಿಟ್ಟುಕೊಂಡಿದ್ದೇನೆ: 033, 614, 625, 035. ನಾಲ್ಕು ಸಲ ಬಾಯಲ್ಲಿ ಹೇಳಿದರೆ ಕೂತುಬಿಡುತ್ತದೆ. ಮರೆತರೂ ಚಿಂತೆ ಇಲ್ಲ. ಮುಷ್ಟಿ ಹಿಡಿದು ಗೆಣ್ಣಿನ ಮೇಲೆ 31, ಸಂದಿಯಲ್ಲಿ 30 ಅಂತ ಎಣಿಸುವುದು ಎಲ್ಲರಿಗೂ ಗೊತ್ತು. ಗೆಣ್ಣು ಬಂದಾಗ 3 ಸೇರಿಸಿ, ಸಂದಿ ಬಂದಾಗ 2 ಸೇರಿಸಿ, ಫೆಬ್ರವರಿಗೆ ಏನೂ ಸೇರಿಸಬೇಡಿ. ಎರಡೇ ನಿಮಿಷದಲ್ಲಿ ಪಟ್ಟಿ ಮತ್ತೆ ತಯಾರಾಗುತ್ತದೆ.

ವರ್ಷದ ಅಂಕಿ

365 ದಿನ ಅಂದರೆ 52 ವಾರ ಮತ್ತು ಒಂದು ದಿನ. ಅದಕ್ಕೇ ಒಂದು ವರ್ಷ ಕಳೆದರೆ ಅದೇ ತಾರೀಕಿನ ವಾರ ಒಂದು ದಿನ ಮುಂದೆ ಸರಿಯುತ್ತದೆ. ಈ ವರ್ಷ ನಿಮ್ಮ ಹುಟ್ಟಿದ ದಿನ ಸೋಮವಾರ ಬಂದರೆ ಮುಂದಿನ ವರ್ಷ ಮಂಗಳವಾರ. ನಡುವೆ ಫೆಬ್ರವರಿ 29 ಬಂದು ಹೋದರೆ ಮಾತ್ರ ಎರಡು ದಿನ ಸರಿಯುತ್ತದೆ.

ಆದ್ದರಿಂದ ವರ್ಷದ ಕೊನೆಯ ಎರಡು ಅಂಕಿ ತೆಗೆದುಕೊಳ್ಳಿ. ಅದಕ್ಕೆ ಅದರ ಕಾಲು ಭಾಗ ಕೂಡಿಸಿ. ಕಾಲು ಭಾಗದಲ್ಲಿ ಪೂರ್ಣ ಸಂಖ್ಯೆ ಮಾತ್ರ ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ. 47ರ ಕಾಲು ಭಾಗ ಹನ್ನೊಂದೂ ಮುಕ್ಕಾಲು. ನಮಗೆ ಬೇಕಾದದ್ದು 11, 12 ಅಲ್ಲ. ಯಾಕಂದರೆ ಈ ಕಾಲು ಭಾಗ ಅನ್ನುವುದು ಆಗಿ ಹೋದ ಲೀಪ್ ವರ್ಷಗಳ ಎಣಿಕೆ. 1947ರ ಹೊತ್ತಿಗೆ 1904ರಿಂದ 1944ರ ತನಕ ಹನ್ನೊಂದು ಲೀಪ್ ವರ್ಷ ಆಗಿದ್ದವು. ಮುಂದಿನದು 1948, ಅದು ಇನ್ನೂ ಬಂದಿರಲಿಲ್ಲ.

ಈಗ ಇಷ್ಟನ್ನೂ ಕೂಡಿಸಿದರೆ 1900ರಿಂದ 1999ರ ತನಕದ ತಾರೀಕುಗಳ ಲೆಕ್ಕ ತಯಾರು:

```
ತಾರೀಕು + ತಿಂಗಳ ಅಂಕಿ + ವರ್ಷ + ವರ್ಷದ ಕಾಲು ಭಾಗ
```

ಮೊತ್ತವನ್ನು 7ರಿಂದ ಭಾಗಿಸಿ. ಶೇಷವೇ ವಾರ. ಬೇರೆ ಏನನ್ನೂ ಸೇರಿಸದೆ ಇದು ಸರಿ ಬರುವುದಕ್ಕೆ ಒಂದು ಕಾರಣ ಇದೆ. 1899ರ ಡಿಸೆಂಬರ್ 31 ರವಿವಾರವಾಗಿತ್ತು, ಅಂದರೆ ನಮ್ಮ 0. ಎಣಿಕೆ ಅಲ್ಲಿಂದಲೇ ಸುರುವಾಗುತ್ತದೆ.

ನಿಮಗೆ ಮೊದಲೇ ಗೊತ್ತಿರುವ ಒಂದು ದಿನದಿಂದ ಪರೀಕ್ಷೆ ಮಾಡಿ ನೋಡಿ. 1947ರ ಆಗಸ್ಟ್ 15. ತಾರೀಕು 15, ಆಗಸ್ಟ್‌ಗೆ 2, ವರ್ಷ 47, ಅದರ ಕಾಲು ಭಾಗ 11. ಒಟ್ಟು 75. ಹತ್ತು ಏಳಲೆ 70, ಉಳಿದದ್ದು 5. ಶುಕ್ರವಾರ. ಸ್ವಾತಂತ್ರ್ಯ ಬಂದದ್ದು ಶುಕ್ರವಾರವೇ.

ಕಾಕಾ ಅವರ ಲೆಕ್ಕ

ಈಗ ಅಜ್ಜಿಯ ಮಾತಿಗೆ ಬರೋಣ. ರಾಜ್ಯ ಕೂಡಿದ್ದು ಅಂದರೆ ಏಕೀಕರಣ. ಅಲ್ಲಿಯ ತನಕ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಇವತ್ತಿನ ಗದಗ, ಹಾವೇರಿ ಜಿಲ್ಲೆಗಳ ಊರುಗಳೂ ಆಗ ಬಹುಪಾಲು ಧಾರವಾಡ ಜಿಲ್ಲೆಯಲ್ಲೇ ಇದ್ದವು.

ತಾರೀಕು 1. ನವೆಂಬರ್‌ಗೆ 3. ವರ್ಷ 56. ಇಲ್ಲೊಂದು ಸುಲಭದ ದಾರಿ ಇದೆ. 56 ಅಂದರೆ ಎಂಟು ಏಳಲೆ, ಶೇಷ 0. ಅದರ ಕಾಲು ಭಾಗ 14, ಅದೂ ಎರಡು ಏಳಲೆ, ಶೇಷ 0. ಹೀಗೆ ಕೂಡಿಸುವಾಗಲೇ ಏಳರ ಗುಂಪುಗಳನ್ನು ಬಿಡುತ್ತಾ ಹೋಗಬಹುದು, ಕೊನೆಗೆ ಒಮ್ಮೆಲೇ ಭಾಗಿಸಬೇಕು ಅಂತ ಏನೂ ಇಲ್ಲ. 1956ಕ್ಕೆ ವರ್ಷದ ಅಂಕಿಯೇ 0 ಆಯಿತು. ಉಳಿದದ್ದು 1 ಮತ್ತು 3. ಒಟ್ಟು 4, ಗುರುವಾರ.

ರಾಜ್ಯ ಕೂಡಿದ್ದು ಗುರುವಾರ. ಅದರ ಮುಂದಿನ ಸೋಮವಾರ ಎಣಿಸಿ: ಶುಕ್ರ 2, ಶನಿ 3, ರವಿ 4, ಸೋಮ 5. ಅಜ್ಜಿ ಹೇಳಿದ್ದು 1956ರ ನವೆಂಬರ್ 5.

ದಾಖಲೆಯ ಜೂನ್ 1ನ್ನೂ ನೋಡಿಬಿಡೋಣ. 1, ಜೂನ್‌ಗೆ 4, ವರ್ಷಕ್ಕೆ 0. ಒಟ್ಟು 5, ಶುಕ್ರವಾರ. ಸೋಮವಾರ ಅಲ್ಲವೇ ಅಲ್ಲ. ಅಂದರೆ ದಾಖಲೆಯಲ್ಲಿ ಕಾಕಾ ನಿಜಕ್ಕಿಂತ ಐದು ತಿಂಗಳು ದೊಡ್ಡವರು. ನೌಕರಿಯಿಂದ ನಿವೃತ್ತಿಯೂ ಅಷ್ಟೇ ಮೊದಲು ಆಯಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ನನಗೆ ಬಹಳ ಇಷ್ಟವಾದದ್ದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ರಂದು. 73ರ ಕಾಲು ಭಾಗ 18. ಎರಡೂ ಕೂಡಿ 91, ಅಂದರೆ 13 ಏಳಲೆ. ಇಲ್ಲೂ ವರ್ಷದ ಅಂಕಿ 0! ಹಾಗಾಗಿ ಆ ನವೆಂಬರ್ 1 ಕೂಡ ಗುರುವಾರ. ರಾಜ್ಯ ಕೂಡಿದ್ದೂ ಗುರುವಾರ, ಹೆಸರು ಬಂದದ್ದೂ ಗುರುವಾರ. ವರ್ಷದ ಅಂಕಿ ಒಂದೇ ಆದರೆ ಮಾರ್ಚ್‌ನಿಂದ ಡಿಸೆಂಬರ್ ತನಕ ಎರಡೂ ವರ್ಷಗಳ ಕ್ಯಾಲೆಂಡರ್ ಒಂದೇ. ಮಾರ್ಚ್‌ನಿಂದ ಅಂತ ಯಾಕೆ ಹೇಳಿದೆ ಅನ್ನುವುದು ಈಗ ಬರುತ್ತದೆ.

ಲೀಪ್ ವರ್ಷದ ಜನವರಿ, ಫೆಬ್ರವರಿ

ಈ ಲೆಕ್ಕದಲ್ಲಿ ಜಾಸ್ತಿ ತಪ್ಪು ಆಗುವುದು ಇಲ್ಲೇ. 1956 ಲೀಪ್ ವರ್ಷ. 56ರ ಕಾಲು ಭಾಗ 14 ಅಂತ ಹಾಕಿದಾಗ ಆ ವರ್ಷದ ಫೆಬ್ರವರಿ 29 ಕೂಡ ಅದರಲ್ಲಿ ಸೇರಿಹೋಯಿತು. ನವೆಂಬರ್ ಹೊತ್ತಿಗೆ ಆ ದಿನ ಆಗಿ ಹೋಗಿರುತ್ತದೆ, ಸರಿ. ಆದರೆ ಜನವರಿ 10ರ ವಾರ ಬೇಕಾದರೆ? ಆಗ ಫೆಬ್ರವರಿ 29 ಇನ್ನೂ ಬಂದೇ ಇಲ್ಲ. ಬಾರದ ದಿನವನ್ನು ಎಣಿಸಿದ ಹಾಗಾಯಿತು. ಆದ್ದರಿಂದ ಲೀಪ್ ವರ್ಷದ ಜನವರಿ, ಫೆಬ್ರವರಿ ಎರಡು ತಿಂಗಳಿಗೆ ಮಾತ್ರ ಮೊತ್ತದಲ್ಲಿ 1 ಕಳೆಯಬೇಕು. ಫೆಬ್ರವರಿ 29ಕ್ಕೂ ಕಳೆಯಬೇಕು.

ಉತ್ತರ ಸರಿಯಾಗಿ ಒಂದೇ ದಿನ ಮುಂದೆ ಬಂತು, ತಿಂಗಳು ಜನವರಿ ಅಥವಾ ಫೆಬ್ರವರಿ, ವರ್ಷ 4ರಿಂದ ಪೂರ್ತಿ ಭಾಗವಾಗುತ್ತದೆ. ಈ ಮೂರೂ ಕೂಡಿ ಬಂದರೆ ಬೇರೆ ಕಡೆ ತಪ್ಪು ಹುಡುಕಬೇಡಿ. ಈ 1 ಕಳೆಯುವುದನ್ನೇ ಮರೆತಿರುತ್ತೀರಿ.

ಬೇರೆ ಶತಮಾನ

2000ದ ನಂತರದ ತಾರೀಕಾದರೆ ಮೊತ್ತಕ್ಕೆ 6 ಕೂಡಿಸಿ. ಈ 6 ಎಲ್ಲಿಂದ ಬಂತು? 1900ರಿಂದ 2000ಕ್ಕೆ 100 ವರ್ಷ, ಅದರ ಕಾಲು ಭಾಗ 25. ಒಟ್ಟು 125, ಶೇಷ 6. ಅದೇ ಹಳೆಯ ಲೆಕ್ಕವೇ. 6 ಕೂಡಿಸುವುದಕ್ಕಿಂತ 1 ಕಳೆಯುವುದು ಸುಲಭ. ವಾರದ ಲೆಕ್ಕದಲ್ಲಿ ಆರು ದಿನ ಮುಂದೆ ಹೋದರೂ ಒಂದು ದಿನ ಹಿಂದೆ ಬಂದರೂ ಒಂದೇ ವಾರಕ್ಕೆ ಸಿಗುತ್ತೇವೆ.

1800ರಿಂದ 1899ರ ತಾರೀಕಿಗೆ 2 ಕೂಡಿಸಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. 1900 ಲೀಪ್ ವರ್ಷ ಅಲ್ಲ. ಎರಡು ಸೊನ್ನೆಯಿಂದ ಮುಗಿಯುವ ವರ್ಷ 400ರಿಂದ ಭಾಗವಾದರೆ ಮಾತ್ರ ಲೀಪ್ ವರ್ಷ. 2000 ಭಾಗವಾಗುತ್ತದೆ, 1800, 1900, 2100 ಆಗುವುದಿಲ್ಲ. ಹಾಗಾಗಿ 1800ರಿಂದ 1900ಕ್ಕೆ 100 ವರ್ಷ, 24 ಲೀಪ್ ದಿನ, ಒಟ್ಟು 124. ಶೇಷ 5. ಹಿಂದಕ್ಕೆ ಹೋಗುವಾಗ 5 ಕಳೆಯಬೇಕು, ಅಂದರೆ 2 ಕೂಡಿಸಬೇಕು.

ಇದಕ್ಕೆ ನಮ್ಮ ಧಾರವಾಡದ್ದೇ ಒಂದು ತಾರೀಕು ತೆಗೆದುಕೊಳ್ಳುತ್ತೇನೆ. ದ. ರಾ. ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು. ಬೇಂದ್ರೆಯವರು ಮುಂದೆ ಸಂಖ್ಯೆಗಳ ಹಿಂದೆಯೇ ಬಿದ್ದಿದ್ದರು, ಅಂಥವರ ಹುಟ್ಟಿದ ದಿನದಲ್ಲಿ ಈ ಲೆಕ್ಕದ ಎಲ್ಲ ತಿರುವೂ ಒಟ್ಟಿಗೆ ಸಿಗುತ್ತದೆ. ಹಿಂದಿನ ಶತಮಾನ, ಲೀಪ್ ವರ್ಷ, ಅದರಲ್ಲೂ ಜನವರಿ.

ತಾರೀಕು 31. ಜನವರಿಗೆ 0. ವರ್ಷ 96. ಅದರ ಕಾಲು ಭಾಗ 24. ಶತಮಾನಕ್ಕೆ 2. ಒಟ್ಟು 153. ಲೀಪ್ ವರ್ಷದ ಜನವರಿ, ಆದ್ದರಿಂದ 1 ಕಳೆದು 152. ಇಪ್ಪತ್ತೊಂದು ಏಳಲೆ 147. ಉಳಿದದ್ದು 5, ಶುಕ್ರವಾರ.

ಇಲ್ಲಿ ಕ್ಯಾಲ್ಕುಲೇಟರ್ ಬಳಸುವವರಿಗೆ ಒಂದು ಮಾತು. 152ನ್ನು 7ರಿಂದ ಭಾಗಿಸಿದರೆ ಅದು 21.714 ಅಂತ ತೋರಿಸುತ್ತದೆ. ಆ ಚುಕ್ಕೆಯ ಮುಂದಿನ 7 ಶೇಷ ಅಲ್ಲ. ನಾನು ಲೆಕ್ಕ ಕಲಿಸಿದ ಹುಡುಗರಲ್ಲಿ ಅರ್ಧ ಮಂದಿ ಇಲ್ಲೇ ಎಡವಿದ್ದಾರೆ. ಚುಕ್ಕೆಯ ಹಿಂದಿನ 21ನ್ನು 7ರಿಂದ ಗುಣಿಸಿ, ಬಂದ 147ನ್ನು 152ರಿಂದ ಕಳೆಯಿರಿ. ಆಗ ಸಿಗುವುದು ಶೇಷ.

ಎಷ್ಟು ಹಿಂದಿನ ತನಕ ಇದನ್ನು ನಂಬಬಹುದು? ಇದು ಗ್ರೆಗೋರಿಯನ್ ಕ್ಯಾಲೆಂಡರಿನ ಲೆಕ್ಕ. ಬ್ರಿಟಿಷರು ಅದಕ್ಕೆ ಬಂದದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಅಂತ ಮಾಡಿಕೊಂಡರು. ಅದಕ್ಕಿಂತ ಹಿಂದಿನ ಇಂಗ್ಲಿಷ್ ಕಾಗದದ ತಾರೀಕಿಗೆ ಈ ಲೆಕ್ಕ ಹೊಂದುವುದಿಲ್ಲ. ನಮ್ಮ ಭಾಗ ಪೇಶ್ವೆಯವರ ಕೈತಪ್ಪಿ ಕಂಪನಿಗೆ ಹೋದದ್ದು 1818ರ ಹೊತ್ತಿಗೆ. ಹಾಗಾಗಿ ಇಲ್ಲಿಯ ಇಂಗ್ಲಿಷ್ ಕಚೇರಿ ಕಾಗದಗಳಿಗೆಲ್ಲ ಇದು ಸರಿಯಾಗಿಯೇ ಕೂಡುತ್ತದೆ.

ಅಜ್ಜಿಯ ಸೋಮವಾರ ಎಲ್ಲಿಂದ ಸುರು?

ಲೆಕ್ಕ ಸರಿ ಇದ್ದರೂ ಉತ್ತರ ಒಂದು ದಿನ ತಪ್ಪುವ ಜಾಗ ಇನ್ನೊಂದಿದೆ. ಅದು ಲೆಕ್ಕದಲ್ಲಿಲ್ಲ, ನಮ್ಮ ಮಾತಿನಲ್ಲಿದೆ. ಇಂಗ್ಲಿಷ್ ತಾರೀಕು ಬದಲಾಗುವುದು ರಾತ್ರಿ 12ಕ್ಕೆ. ಪಂಚಾಂಗದ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ನಸುಕಿನ ಮೂರು ಗಂಟೆಗೆ ಹುಟ್ಟಿದ ಮಗುವನ್ನು ಹಿರಿಯರು "ಸೋಮವಾರ ರಾತ್ರಿ ಹುಟ್ಟಿತು" ಅನ್ನುತ್ತಾರೆ. ಆದರೆ ಗಡಿಯಾರದ ಪ್ರಕಾರ ಆಗಲೇ ಮಂಗಳವಾರ, ತಾರೀಕೂ ಮುಂದಿನದು.

ಹಾಗಾಗಿ ಮನೆಯವರ ನೆನಪಿನ ವಾರದಿಂದ ತಾರೀಕು ತೆಗೆಯುವಾಗ ಹುಟ್ಟಿದ ಹೊತ್ತು ಕೇಳಲೇಬೇಕು. ಹಗಲು ಅಥವಾ ಸಂಜೆ ಆದರೆ ಏನೂ ತೊಂದರೆ ಇಲ್ಲ. ನಡುರಾತ್ರಿಯಿಂದ ಸೂರ್ಯ ಹುಟ್ಟುವ ತನಕದ ಹೊತ್ತಾದರೆ ತಾರೀಕು ಒಂದು ದಿನ ಮುಂದೆ ಹೋಗಬಹುದು. ಜಾತಕ ಇದ್ದರೆ ಅದರಲ್ಲಿ ಹೊತ್ತು ಬರೆದಿರುತ್ತದೆ. ಇಲ್ಲದಿದ್ದರೆ ಆಗ ಮನೆಯಲ್ಲಿ ಇದ್ದವರನ್ನು ಕೇಳಬೇಕು. ಕೇಳುವಾಗ "ಎಷ್ಟು ಗಂಟೆಗೆ?" ಅಂತ ಕೇಳಿದರೆ ಪ್ರಯೋಜನವಿಲ್ಲ, ಆಗ ಎಷ್ಟು ಮನೆಯಲ್ಲಿ ಗಡಿಯಾರ ಇತ್ತು? ದೀಪ ಹಚ್ಚಿತ್ತಾ, ದನ ಬಿಟ್ಟಿದ್ದರಾ, ರೊಟ್ಟಿ ಬಡಿಯುತ್ತಿದ್ದರಾ ಅಂತ ಕೇಳಬೇಕು.

ಕಾಕಾ ಅವರಿಗೆ ನವೆಂಬರ್ 5 ಅಂತ ಹೇಳಿದಾಗ ಅವರಿಗೆ ಬಂದ ಅನುಮಾನವೂ ಇದೇ. "ಕೋಳಿ ಕೂಗೂ ಹೊತ್ತಿಗೆ ಹುಟ್ಟಿದ್ದಿ ಅಂತ ಯಾರೋ ಅಂದಂಗ ನೆನಪು ತಮ್ಮಾ. ಹಂಗಾದ್ರ?" ಹಾಗಾದರೆ ಅಜ್ಜಿಯ ಸೋಮವಾರ ನಮ್ಮ ಮಂಗಳವಾರ, ನವೆಂಬರ್ 6 ಆಗಬೇಕು. ಇದನ್ನು ಯಾವ ಭಾಗಾಕಾರವೂ ತೀರಿಸುವುದಿಲ್ಲ.

ತೀರಿಸಿದ್ದು ನಮ್ಮ ಸೋದರತ್ತೆ, ಕಾಕಾ ಅವರ ಅಕ್ಕ. ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿ ಇದ್ದಾರೆ. ಆಗ ಅವರಿಗೆ ಒಂಬತ್ತು ವರ್ಷ. ಸೂಲಗಿತ್ತಿಯನ್ನು ಕರೆಯಲು ಓಡಿದ್ದು ಅವರೇ. ಫೋನ್ ಮಾಡಿ ಕತ್ತಲೆ ಇತ್ತಾ ಅಂತ ಕೇಳಿದೆ.

"ಏನ್ ಕತ್ತಲಿ? ನೀರಿಗೆ ಹ್ವಾದವರೆಲ್ಲಾ ಕೊಡಾ ಹೊತ್ಗೊಂಡು ತಿರುಗಿ ಬರಾಕತ್ತಿದ್ರು. ಬಿಸಲ ಬಿದ್ದಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ ನನಗ."

ಬಿಸಿಲು ಬಿದ್ದಿತ್ತು ಅಂದಮೇಲೆ ಸೂರ್ಯ ಹುಟ್ಟಿಯಾಗಿತ್ತು. ಆಗ ಪಂಚಾಂಗದ ಸೋಮವಾರವೂ ಗಡಿಯಾರದ ಸೋಮವಾರವೂ ಒಂದೇ. ನವೆಂಬರ್ 5 ಗಟ್ಟಿಯಾಯಿತು.

ಕಾಕಾ ಅವರಿಗೆ ಎಪ್ಪತ್ತು ತುಂಬುವುದು 2026ರಲ್ಲಿ. ಆ ನವೆಂಬರ್ 5 ಯಾವ ವಾರ ಅಂತ ಅವರೇ ಪೆನ್ಸಿಲ್ ಹಿಡಿದು ಮಾಡಿದರು. ತಾರೀಕು 5, ನವೆಂಬರ್‌ಗೆ 3, ವರ್ಷ 26, ಕಾಲು ಭಾಗ 6, ಒಟ್ಟು 40. ಶತಮಾನಕ್ಕೆ 1 ಕಳೆದು 39. ಐದು ಏಳಲೆ 35, ಉಳಿದದ್ದು 4. "ಬೇಸ್ತವಾರ," ಅಂದರು.